ಒಂದೊಂದು ರೂಪಾಯಿಯ ಕಾಗದ

ನೇತ್ರಾವತಿಯ ಬೆರಳುಗಳನ್ನು ಯಾವ ಯಂತ್ರವೂ ಒಪ್ಪುವುದಿಲ್ಲ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದರೆ ಮೂರು ಸಲ ಕೆಂಪು ದೀಪ ಹತ್ತುತ್ತದೆ. ನಾಲ್ಕನೆಯ ಸಲ ಅಂಗಡಿಯವನೇ ಬೇಸತ್ತು, "ಬಿಡಕ್ಕ, ಮೊಬೈಲಿಗೆ ನಂಬರ್ ಬರ್ತದೆ, ಅದನ್ನೇ ಹೇಳು" ಅನ್ನುತ್ತಾನೆ. ಹದಿನೆಂಟು ವರ್ಷ ಹಸಿ ಅಡಿಕೆ ಸುಲಿದ ಬೆರಳು. ಕಾಯಿಯ ಚೊಗರು ರಸ ಇಳಿದು ಇಳಿದು ಗೆರೆಗಳೆಲ್ಲ ಮುಚ್ಚಿ, ತುದಿಗಳು ಸುಟ್ಟ ರೊಟ್ಟಿಯ ಅಂಚಿನ ಹಾಗೆ ಕಪ್ಪಾಗಿವೆ. ಬೇಸಿಗೆಯಲ್ಲಿ ಸ್ವಲ್ಪ ತಿಳಿಯಾಗುತ್ತವೆ. ಸುಗ್ಗಿ ಶುರುವಾದ ವಾರಕ್ಕೆ ಮತ್ತೆ ಅದೇ ಬಣ್ಣ.

ಚನ್ನಗಿರಿಯ ಅಂಚಿನಲ್ಲಿ ಎರಡು ಕೋಣೆಯ ಮನೆ. ಗಂಡ ಬೆನಕಪ್ಪ ಅಡಿಕೆ ಬೇಯಿಸುವ ಒಲೆಯ ಮುಂದೆ ಕೆಲಸ ಮಾಡುವವನು. ಮೊದಲು ನೇತ್ರಾವತಿಯೂ ಎಲ್ಲರ ಹಾಗೆ ಕಾಲಲ್ಲಿ ಮೆಟ್ಟಿ ಹಿಡಿಯುವ ಮೆಟ್ಟುಗತ್ತಿಯ ಮುಂದೆ ಕೂತು ಸುಲಿಯುತ್ತಿದ್ದಳು. ಈಗಲೂ ಸುಲಿಯುತ್ತಾಳೆ. ಆದರೆ ಎಂಟು ವರ್ಷದಿಂದ ಅವಳದೇ ಒಂದು ಗುಂಪು ಇದೆ. ತೋಟದ ಫಸಲನ್ನು ಮೊದಲೇ ಗುತ್ತಿಗೆ ಹಿಡಿಯುವ ಚೇಣಿದಾರರು ಅವಳಿಗೆ ಫೋನ್ ಮಾಡಿ, "ಎಷ್ಟು ಜನ ಬರ್ತೀರಿ?" ಎಂದು ಕೇಳುತ್ತಾರೆ. ಅವಳು ಜನ ಕೂಡಿಸುತ್ತಾಳೆ, ಕೂಲಿ ಮಾತಾಡುತ್ತಾಳೆ, ಒಟ್ಟು ದುಡ್ಡು ತನ್ನ ಖಾತೆಗೆ ಹಾಕಿಸಿಕೊಂಡು ಎಲ್ಲರಿಗೂ ಹಂಚುತ್ತಾಳೆ. ಇದಕ್ಕೆ ಅವಳಿಗೆ ಸಿಗುವುದು ದಿನಕ್ಕೆ ಐವತ್ತು ರೂಪಾಯಿ ಹೆಚ್ಚು, ಮತ್ತು "ನೇತ್ರಕ್ಕನ ಗುಂಪು" ಅನ್ನುವ ಹೆಸರು. ಹತ್ತನೇ ಕ್ಲಾಸು ಫೇಲಾಗಿ ಶಾಲೆ ಬಿಟ್ಟವಳಿಗೆ ಆ ಹೆಸರೇ ದೊಡ್ಡ ಪಾಸು.

ಗುಂಪಿನ ಏಳೂ ಹೆಂಗಸರು ನ್ಯಾಮತಿ ತಾಲೂಕಿನ ಸವಳಂಗದವರು. ಸುಗ್ಗಿಯಲ್ಲಿ ಚನ್ನಗಿರಿಗೆ ಬಂದು ಅಡಿಕೆ ಸುಲಿಸಿ ಬೇಯಿಸುವ ಚೇಣಿಮನೆಯ ಶೆಡ್ಡಿನಲ್ಲೇ ಉಳಿದು, ಕೆಲಸ ಮುಗಿಸಿ ಊರಿಗೆ ಹೋಗುವವರು. ಅವರಲ್ಲಿ ಯಾರೊಬ್ಬರ ದುಡ್ಡೂ ಅವರ ಹೆಸರಿಗೆ ಹೋಗುವುದಿಲ್ಲ. ಸುನೀತಾ ಎಂಬವಳ ಕೂಲಿ ಮೈದುನನ ಫೋನಿಗೆ, ಇನ್ನೊಬ್ಬಳದು ಪಕ್ಕದ ಮನೆಯ ಮೇಷ್ಟರ ಫೋನಿಗೆ. ಹೀಗೆ ಹಂಚಿ ಸಾಕಾಗಿ, ಏಳೂ ಜನರ ದುಡ್ಡನ್ನು ಅವರಲ್ಲೇ ಹಿರಿಯಳಾದ ಲಕ್ಷ್ಮಮ್ಮನ ನಂಬರಿಗೆ ಒಟ್ಟಿಗೆ ಹಾಕುವ ಪದ್ಧತಿ ಮಾಡಿಕೊಂಡಿದ್ದರು. ಆ ನಂಬರಿಗೆ ಹಾಕಿದಾಗ ನೇತ್ರಾವತಿಯ ಫೋನಿನಲ್ಲಿ ಕಾಣುತ್ತಿದ್ದುದು ಲಕ್ಷ್ಮಮ್ಮನ ಮಗ ರಂಗನಾಥನ ಹೆಸರು. ಹೆಂಗಸಿಗೆ ದುಡ್ಡು ಹಾಕಿದರೆ ಗಂಡಸಿನ ಹೆಸರು ಬರುವುದು ಅವಳಿಗೆ ಎಷ್ಟು ರೂಢಿಯಾಗಿತ್ತೆಂದರೆ, ಹೆಸರು ಬರುತ್ತದೆ ಎಂದು ನೋಡುತ್ತಿದ್ದಳೇ ಹೊರತು ಯಾವ ಹೆಸರು ಎಂದು ನೋಡುತ್ತಿರಲಿಲ್ಲ.

ಆ ಸೋಮವಾರ ಮಧ್ಯಾಹ್ನ ಚೇಣಿದಾರ ಮಹೇಶ್ವರಪ್ಪನವರು ಹಿಂದಿನ ವಾರದ ಕೂಲಿ ಹಾಕಿದರು. ಕೆಲಸ ಮುಗಿಸಿ ಊರಿಗೆ ಹೋಗಿದ್ದ ಏಳು ಜನರದು ತಲಾ ಎರಡು ಸಾವಿರದ ಆರುನೂರು, ಒಟ್ಟು ಹದಿನೆಂಟು ಸಾವಿರದ ಇನ್ನೂರು. ಅವಳು ಸುಲಿದ ಸಿಪ್ಪೆಯ ರಾಶಿಯ ಪಕ್ಕದಲ್ಲಿ ಕೂತು, ಸೆರಗಿನಲ್ಲಿ ಕೈ ಒರೆಸಿಕೊಂಡು, ಫೋನ್ ತೆಗೆದಳು. ಪಟ್ಟಿಯಲ್ಲಿ "ಲಕ್ಷ್ಮಮ್ಮ ಸವಳಂಗ" ಅಂತ ಒಂದು, "ಲಕ್ಷ್ಮಮ್ಮ ಸವಳಂಗ ಹೊಸದು" ಅಂತ ಇನ್ನೊಂದು. ಬೇಸಿಗೆಯಲ್ಲಿ ರೀಚಾರ್ಜ್ ಮಾಡಿಸದೆ ಲಕ್ಷ್ಮಮ್ಮನ ಹಳೆಯ ನಂಬರ್ ಸತ್ತು, ಅವಳು ಹೊಸ ಸಿಮ್ ತೆಗೆದುಕೊಂಡಿದ್ದಳು. ನೇತ್ರಾವತಿ ಹಳೆಯದನ್ನು ಅಳಿಸಿರಲಿಲ್ಲ. ಬೆರಳು ಮೇಲಿದ್ದ ಆ ಹಳೆಯದರ ಮೇಲೆಯೇ ಬಿತ್ತು. ತಿಪ್ಪೇರುದ್ರಸ್ವಾಮಿ ಕೆ. ಅಂತ ಇಂಗ್ಲಿಷಿನಲ್ಲಿ ಉದ್ದನೆಯ ಹೆಸರು ಬಂತು. 'ಲಕ್ಷ್ಮಕ್ಕನ ಅಳಿಯ ಇರಬೇಕು' ಅಂದುಕೊಂಡಳು. ಪಿನ್ ಒತ್ತಿದಳು. ಹಸಿರು ಗುರುತು ಬಂತು.

ಸಂಜೆ ಲಕ್ಷ್ಮಮ್ಮನೇ ಫೋನ್ ಮಾಡಿದಳು.

"ಏನವ್ವಾ ನೇತ್ರಾ, ಇವತ್ತು ಹಾಕ್ತೀನಿ ಅಂದಿದ್ದೆ."

"ಹಾಕೀನಲ್ಲ ಲಕ್ಷ್ಮಕ್ಕ. ನಿನ್ನ ಅಳಿಯನ ಹೆಸರಿಗೆ ಹೋಗೈತೆ."

"ನನಗೆ ಯಾವ ಅಳಿಯ? ಇರೋನೊಬ್ಬನೇ ಮಗ. ಅವನಿಗೇ ಇನ್ನೂ ಹೆಣ್ಣು ಸಿಕ್ಕಿಲ್ಲ!"

ಹಿಂದೆ ನಾಲ್ಕೈದು ಹೆಂಗಸರು ನಕ್ಕದ್ದು ಫೋನಿನಲ್ಲಿ ಕೇಳಿಸಿತು. ನೇತ್ರಾವತಿ ನಗಲಿಲ್ಲ. ಕಿವಿಯಿಂದ ಫೋನ್ ತೆಗೆದು ಆ ಉದ್ದನೆಯ ಹೆಸರನ್ನು ಮೊದಲ ಸಲ ಅಕ್ಷರ ಅಕ್ಷರವಾಗಿ ಓದಿದಳು.

ಸತ್ತ ನಂಬರು ಸತ್ತೇ ಇರುವುದಿಲ್ಲ. ಕೆಲವು ತಿಂಗಳು ಬಿಟ್ಟು ಕಂಪನಿಯವರು ಅದನ್ನು ಇನ್ನೊಬ್ಬರಿಗೆ ಕೊಟ್ಟುಬಿಡುತ್ತಾರೆ. ಅದು ಅವಳಿಗೆ ಅವತ್ತು ಗೊತ್ತಾಯಿತು.

ಅವಳು ಆ ನಂಬರಿಗೆ ಫೋನ್ ಮಾಡಿದಳು. ಮಾಡುವ ಮೊದಲು ಏನು ಹೇಳಬೇಕೆಂದು ಮನಸ್ಸಿನಲ್ಲೇ ಎರಡು ಸಲ ಹೇಳಿಕೊಂಡಳು. ತಪ್ಪು ತನ್ನದು, ಕೇಳುವುದು ಬೇರೆಯವರ ಮನೆಯ ಬಾಗಿಲಲ್ಲಿ, ದನಿ ಮೆತ್ತಗಿರಬೇಕು.

"ನಮಸ್ಕಾರ ರೀ ಅಣ್ಣಾರೆ. ನಾನು ಚನ್ನಗಿರಿಯಿಂದ ಮಾತಾಡಾಕೆ ಹತ್ತೀನಿ. ನನ್ನ ಕಡೆಯಿಂದ ಒಂದು ತಪ್ಪಾಗೈತೆ. ನಿಮ್ಮ ನಂಬರಿಗೆ ದುಡ್ಡು ಬಂದೈತೆ ನೋಡ್ರಿ. ದಯವಿಟ್ಟು ವಾಪಸ್ ಹಾಕಿದ್ರೆ ನಿಮಗೆ ಕೈ ಮುಗೀತೀನಿ."

ಆ ಕಡೆ ಯಾವುದೋ ಮೋಟಾರು ಗುಂಯ್ ಅನ್ನುತ್ತಿತ್ತು. ಅದು ನಿಂತಿತು. ಗಂಡಸಿನ ದನಿ ಕೇಳಿತು. "ಎಷ್ಟು?"

"ಹದಿನೆಂಟು ಸಾವಿರದ ಇನ್ನೂರು ರೀ."

"ಹೋದ ವರ್ಷದಾಕಿ ಇಪ್ಪತ್ತೆರಡು ಸಾವಿರ ಅಂದಿದ್ಳು. ಈ ಸಲ ರೇಟ್ ಇಳಿಸೀರೇನು?"

"ಅಣ್ಣಾರೆ, ನಾನು..."

"ಆಕಿನೂ ನಮಸ್ಕಾರ ರೀ ಅಣ್ಣಾರೆ ಅಂತಲೇ ಶುರು ಮಾಡಿದ್ಳು. ಆಕಿನೂ ಕೈ ಮುಗಿದಿದ್ಳು. ದುಡ್ಡು ಬಂದೈತೆ ಅಂತ ಮೆಸೇಜೂ ಕಳಿಸಿದ್ಳು. ನಾನು ಪಾಪ ಅಂತ ವಾಪಸ್ ಹಾಕಿದ ಮೇಲೆ ಗೊತ್ತಾತು, ಮೆಸೇಜ್ ಸುಳ್ಳು, ದುಡ್ಡೇ ಬಂದಿರಲಿಲ್ಲ. ಇಡು ಫೋನ್."

ಫೋನ್ ಕಟ್ಟಾಯಿತು.

ಬೈದಿದ್ದರೆ ತಿರುಗಿ ಏನಾದರೂ ಹೇಳಬಹುದಿತ್ತು. ಈ ಮನುಷ್ಯ ಅವಳ ಮರ್ಯಾದೆಯ ಮಾತನ್ನೇ ಅನುಮಾನಿಸುತ್ತಿದ್ದ. ಎಷ್ಟು ವಿನಯವಾಗಿ ಕೇಳಿದರೆ ಅಷ್ಟು ಮೋಸಗಾತಿಯ ಹಾಗೆ ಕಾಣುತ್ತಾಳೆ. ಗಟ್ಟಿಯಾಗಿ ಕೇಳಿದರೆ ಜಗಳಗಂಟಿ. ಮೂರನೆಯ ದನಿ ಅವಳ ಹತ್ತಿರ ಇರಲಿಲ್ಲ.

ವಾಟ್ಸ್ಯಾಪಿನಲ್ಲಿ ಅವನ ನಂಬರ್ ತೆರೆದಳು. ಫೋಟೋದ ಜಾಗದಲ್ಲಿ ಒಂದು ಅಂಗಡಿಯ ಬೋರ್ಡು. ಮೋಟಾರ್ ರಿವೈಂಡಿಂಗ್, ಬಸ್ ಸ್ಟ್ಯಾಂಡ್ ಹತ್ತಿರ, ಜಗಳೂರು. ದಾವಣಗೆರೆಯಿಂದಲೂ ಆಚೆ. ಪಂಪ್‌ಸೆಟ್ಟಿನ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವವನು. ಅವಳು ಒಂದು ಧ್ವನಿ ಸಂದೇಶ ಕಳಿಸಿದಳು. ಅದು ಸರಿಯಾಗಲಿಲ್ಲ ಅನ್ನಿಸಿ ಮತ್ತೆ ಹೇಳಿ ಕಳಿಸಿದಳು. ಎರಡನ್ನೂ ಕೇಳಿದ ಗುರುತು ಬಂತು. ಆಮೇಲೆ ಬೋರ್ಡಿನ ಫೋಟೋ ಮಾಯವಾಯಿತು. ಫೋನೂ ಹೋಗಲಿಲ್ಲ. ಬ್ಲಾಕ್ ಮಾಡಿದ್ದ.

ಮಂಗಳವಾರ ಬ್ಯಾಂಕಿಗೆ ಹೋದಳು. ಕೌಂಟರಿನಲ್ಲಿದ್ದ ಕಲ್ಪನಾ ಮೇಡಂ ಎಲ್ಲವನ್ನೂ ಕೇಳಿ, ಫೋನ್ ತೆಗೆದುಕೊಂಡು ನೋಡಿದರು.

"ನಂಬರ್ ಆರಿಸಿದ್ದು ನೀವು. ಪಿನ್ ಒತ್ತಿದ್ದು ನೀವು. ನಮ್ಮ ಕಂಪ್ಯೂಟರಿಗೆ ಇದು ಸರಿಯಾಗೇ ಹೋದ ದುಡ್ಡು."

"ವಾಪಸ್ ಎಳೆಯಾಕೆ ಬರಲ್ವಾ ಮೇಡಂ?"

"ಅವರ ಒಪ್ಪಿಗೆ ಇಲ್ಲದೆ ಅವರ ಖಾತೆಯಿಂದ ಯಾರೂ ತೆಗೆಯೋ ಹಾಗಿಲ್ಲ. ನಿಮ್ಮ ಖಾತೆಯಿಂದ ಹಂಗೆ ಯಾರೋ ತೆಗೆದ್ರೆ ನೀವು ಬಿಡ್ತೀರಾ?"

ಅದು ನಿಜ ಅನ್ನಿಸಿತು. ನಿಜವಾದ್ದರಿಂದಲೇ ಇನ್ನೂ ಕಷ್ಟವಾಯಿತು.

ಕಲ್ಪನಾ ಮೇಡಂ ಒಂದು ಬಿಳಿ ಹಾಳೆ ಕೊಟ್ಟು ಅರ್ಜಿ ಬರೆಸಿದರು. ದಿನಾಂಕ, ಮೊತ್ತ, ಹೋದ ನಂಬರು, ಹಣ ಹೋದದ್ದಕ್ಕೆ ಬಂದ ಹನ್ನೆರಡು ಅಂಕಿಯ ಉಲ್ಲೇಖ ಸಂಖ್ಯೆ, ಅವಳ ಖಾತೆ ನಂಬರು. ದುಡ್ಡು ಕಳಿಸಿದ ಆ್ಯಪಿನಲ್ಲೂ ದೂರು ದಾಖಲಿಸಿಕೊಟ್ಟರು. "ಇದನ್ನ ಅವರ ಬ್ಯಾಂಕಿಗೆ ಕಳಿಸ್ತೀವಿ. ಆ ಬ್ಯಾಂಕಿನೋರು ಅವರನ್ನ ಕೇಳ್ತಾರೆ. ಒಪ್ಪಿದ್ರೆ ಬೇಗ ಬರುತ್ತೆ."

"ಒಪ್ಪದಿದ್ರೆ?"

ಮೇಡಂ ಅರ್ಜಿಗೆ ಸೀಲು ಒತ್ತಿದರು.

ಮುಂದಿನ ಸೋಮವಾರ ನ್ಯಾಮತಿ ಹತ್ತಿರ ಹೊಸ ಚೇಣಿದಾರರ ಕೆಲಸ ಶುರುವಾಗಬೇಕಿತ್ತು. ಭಾನುವಾರದೊಳಗೆ ಹಳೆಯ ಕೂಲಿ ಕೈ ಸೇರದಿದ್ದರೆ ಸವಳಂಗದ ಏಳು ಜನ ಬರುವುದಿಲ್ಲ. ಅವರನ್ನು ಸೆಳೆಯಲು ಬೇರೆ ಗುಂಪೂ ಕಾದೇ ಇತ್ತು. ಹೊನ್ನಾಳಿಯ ಪರಶುರಾಮ್ ಎಂಬವನು ವಾರಕ್ಕೊಮ್ಮೆ ಸವಳಂಗಕ್ಕೆ ಬಂದು, ಕೈಮೇಲೆ ನಗದು ಎಣಿಸಿ ಕೊಡುತ್ತೇನೆ ಎಂದು ಹೇಳಿ ಹೋಗುತ್ತಿದ್ದ. ಏಳು ಜನ ಹೋದರೆ ನೇತ್ರಕ್ಕನ ಗುಂಪು ಇಲ್ಲ. ಅವಳು ಮತ್ತೆ ಯಾರದೋ ಗುಂಪಿನಲ್ಲಿ ಒಂದು ಮೆಟ್ಟುಗತ್ತಿ.

ಬುಧವಾರ ಲಕ್ಷ್ಮಮ್ಮ ಫೋನ್ ಮಾಡಿದಾಗ ಹಿಂದೆ ನಗುವಿರಲಿಲ್ಲ.

"ಸುನೀತಾ ಏನಂತಾಳೆ ಗೊತ್ತಾ? ನೇತ್ರಕ್ಕ ಹೊಸ ಬೀರು ತರಿಸ್ಯಾಳೆ, ದುಡ್ಡು ಅದರಾಗೆ ಹೋಗೈತೆ ಅಂತಾಳೆ."

"ಬೀರು ತಂದಿದ್ದು ಯುಗಾದಿಗೆ, ಲಕ್ಷ್ಮಕ್ಕ! ನೀನೇ ಬಂದು ಅದರ ಕನ್ನಡಿ ಮುಂದೆ ನಿಂತಿದ್ದೆಯಲ್ಲ!"

"ನನಗೆ ಗೊತ್ತೈತೆ ಕಣವ್ವ. ಅವರಿಗೆ ಹೇಳೋದು ಹೆಂಗೆ? ಜಗಳೂರಿನಾಗೆ ಯಾವನೋ ಗೊತ್ತಿಲ್ಲದೋನಿಗೆ ಹೋತು ಅಂದ್ರೆ ಯಾರು ನಂಬ್ತಾರೆ? ನಾನೇ ನಿನ್ನ ಮುಖ ನೋಡಿ ನಂಬೀನಿ, ಕಥೆ ಕೇಳಿ ನಂಬಿಲ್ಲ."

ಅವತ್ತೇ ಮಧ್ಯಾಹ್ನ ಚೇಣಿಮನೆಯಲ್ಲಿ ಲೆಕ್ಕ ಬರೆಯುವ ಸತೀಶ್ ಕುಮಾರ್ ಒಂದು ದಾರಿ ಹೇಳಿದ. ಮಹೇಶ್ವರಪ್ಪನವರ ಅಣ್ಣನ ಮಗ. ಕೆಟ್ಟವನಲ್ಲ, ಅವಸರದವನು.

"ಸುಲಭ ಐತೆ ನೇತ್ರಕ್ಕ. ಒಂದೊಂಬತ್ತು ಮೂರು ಸೊನ್ನೆಗೆ ಫೋನ್ ಮಾಡು. ಆನ್‌ಲೈನ್ ಮೋಸದ ಸಹಾಯವಾಣಿ. ನನಗೆ ಮೋಸ ಮಾಡಿ ದುಡ್ಡು ಹಾಕಿಸ್ಕೊಂಡ ಅನ್ನು. ಅವನ ಖಾತೆ ಮೇಲೆ ತಡೆ ಬೀಳುತ್ತೆ. ಆಮೇಲೆ ನೋಡು, ಬ್ಲಾಕ್ ಮಾಡಿದೋನು ಹೆಂಗೆ ಓಡಿ ಬರ್ತಾನೆ."

"ಅವನು ಏನು ಮೋಸ ಮಾಡಿದ್ನಪ್ಪಾ? ಒತ್ತಿದ್ದು ನಾನು."

"ಕೊಡ್ತಿಲ್ಲ ಅಲ್ವಾ? ಅದೇ ಮೋಸ."

"ನನ್ನ ಕಂಡ್ರೆ ಹೆದರಿಕೆ ಅವನಿಗೆ. ಹೆದರಿದೋನಿಗೂ ಮೋಸಗಾರನಿಗೂ ವ್ಯತ್ಯಾಸ ಇಲ್ವಾ?"

"ಹಂಗಾದ್ರೆ ಇಲ್ಲೇ ಕೂತು ಅವನ ಮೇಲೆ ಪುರಾಣ ಓದು," ಅಂದು ಸತೀಶ್ ಹೊರಟ.

ಸತೀಶನಿಗೆ ಅವಳು ಹಾಗೆ ಹೇಳಿದ್ದು ನಿಜ. ಆದರೆ ಮನೆಗೆ ಬಂದು, ಒಲೆಯ ಮೇಲೆ ಸಾರು ಕುದಿಯುತ್ತಿದ್ದಾಗ, ಅವಳು ಒಂದು, ಒಂಬತ್ತು, ಮೂರು ಒತ್ತಿದಳು. ಸೊನ್ನೆಯ ಮೇಲೆ ಬೆರಳು ನಿಂತಿತು. ಆ ಖಾತೆಗೆ ದಿನವೂ ರೈತರು ಇನ್ನೂರು ಮುನ್ನೂರು ಹಾಕುತ್ತಿರಬೇಕು. ತಡೆ ಬಿದ್ದರೆ ಅವನು ತಾಮ್ರದ ತಂತಿ ತರುವುದು ಹೇಗೆ? ಅವಳ ಒಂದು ಸುಳ್ಳಿನಿಂದ ಕಾಣದ ಊರಿನಲ್ಲಿ ಒಂದು ಮೋಟಾರು ನಿಂತುಹೋಗುವ ಹಾಗೆ ಅನ್ನಿಸಿತು. ಒಂದೊಂದೇ ಅಂಕಿ ಅಳಿಸಿದಳು.

ಬೆನಕಪ್ಪ ಊಟಕ್ಕೆ ಕೂತವನು ಅವಳ ಮುಖ ನೋಡಿ, "ಸಾರಿಗೆ ಉಪ್ಪು ಹಾಕಿಲ್ಲ" ಅಂದ.

"ಹಾಕ್ಕೊಳ್ರಿ."

"ಹಾಕ್ಕೊಂಡೆ. ಸುಮ್ನೆ ಹೇಳಿದೆ, ಏನಾದ್ರೂ ಮಾತಾಡ್ಲಿ ಅಂತ." ತುತ್ತು ಕಲಸುತ್ತಾ ಹೇಳಿದ, "ಫೋನ್ ಎತ್ತಲ್ಲ ಅಂದ್ರೆ ಕಾಗದ ಬರೆ. ನಮ್ಮಪ್ಪನ ಕಾಲದಾಗೆ ಹಂಗೇ ಮಾಡ್ತಿದ್ರು."

"ಅಡ್ರೆಸ್ ಸರಿಯಾಗಿ ಗೊತ್ತಿಲ್ಲ. ಹೋಗಿ ಮುಟ್ಟೋದ್ರೊಳಗೆ ಭಾನುವಾರ ಮುಗಿದಿರ್ತದೆ."

"ದುಡ್ಡು ಹೆಂಗೆ ಹೋತು? ಅದೇ ದಾರೀಲಿ ಕಾಗದ ಹೋಗಲ್ವಾ?"

ಅವನು ಏನೂ ತಿಳಿಯದೆ ಹೇಳಿದ ಮಾತು. ನೇತ್ರಾವತಿ ಕೈಯಲ್ಲಿದ್ದ ಸೌಟನ್ನು ಹಾಗೇ ಹಿಡಿದು ನಿಂತಳು. ದುಡ್ಡು ಕಳಿಸುವಾಗ ಮೊತ್ತದ ಕೆಳಗೆ ಒಂದು ಸಾಲು ಬರೆಯುವ ಜಾಗ ಇರುತ್ತದೆ. ಅವಳು ಅದರಲ್ಲಿ "ಕೂಲಿ" ಅಂತ ಬರೆಯುತ್ತಿದ್ದಳು. ಫೋನನ್ನು, ವಾಟ್ಸ್ಯಾಪನ್ನು ಅವನು ಮುಚ್ಚಿದ್ದ. ದುಡ್ಡು ಬರುವ ಬಾಗಿಲನ್ನು ಅಂಗಡಿ ನಡೆಸುವವನು ಮುಚ್ಚಿರಲಾರ.

ಮರುದಿನ, ಗುರುವಾರ, ಕೆಲಸದ ನಡುವೆ ಮಜ್ಜಿಗೆಗೆ ಬಿಟ್ಟಾಗ ಅವಳು ಅವನಿಗೆ ಒಂದು ರೂಪಾಯಿ ಕಳಿಸಿದಳು. ಕೆಳಗಿನ ಸಾಲಿನಲ್ಲಿ, ಎಲ್ಲರೂ ಬರೆಯುವ ಹಾಗೆ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಳು: 'ಅಣ್ಣಾರೆ, ಇದು ನೇತ್ರಾವತಿ, ಚನ್ನಗಿರಿ.' ಜಾಗ ಅಷ್ಟೇ ಇತ್ತು. ಇನ್ನೊಂದು ರೂಪಾಯಿ: 'ಅಡಿಕೆ ಸುಲಿಯೋ ಕೆಲಸ ನಂದು.' ಮತ್ತೊಂದು: 'ಸೋಮವಾರದ ದುಡ್ಡು ಏಳು ಜನರ ಕೂಲಿ.' ಪ್ರತಿ ಸಲ ಪಿನ್, ಪ್ರತಿ ಸಲ ಹಸಿರು ಗುರುತು. 'ತಪ್ಪು ನಂದು, ನಿಮ್ದಲ್ಲ.'

ಐದನೆಯದಕ್ಕೆ ಏನು ಬರೆಯುವುದೆಂದು ಯೋಚಿಸಿದಳು. ವಾಪಸ್ ಹಾಕಿ ಎಂದು ಬರೆಯಲು ಹೊರಟಿದ್ದಳು. ಆದರೆ ಆ ಮಾತಿನಿಂದಲೇ ಅವನು ಹೆದರಿದ್ದು. ಕೊನೆಗೆ ಬರೆದಳು: 'ನನಗೆ ಕಳಿಸಬೇಡಿ.' ಆರನೆಯದು: 'ಯಾವ ಲಿಂಕೂ ಒತ್ತಬೇಡಿ, ಪಿನ್ ಹಾಕಬೇಡಿ.' ಏಳನೆಯದು: 'ಪಾಸ್‌ಬುಕ್ ಹಿಡಿದು ನಿಮ್ಮ ಬ್ಯಾಂಕಿಗೇ ಹೋಗಿ.' ಆಮೇಲೆ: 'ದುಡ್ಡು ಬಂದೈತಾ ಅವರನ್ನೇ ಕೇಳಿ.' 'ನಮ್ಮ ಬ್ಯಾಂಕಿನ ಅರ್ಜಿ ಅಲ್ಲಿಗೆ ಬಂದಿರುತ್ತೆ.' 'ಭಾನುವಾರದೊಳಗೆ ಕೂಲಿ ಕೊಡಬೇಕು.' ಹನ್ನೊಂದನೆಯ ರೂಪಾಯಿಗೆ ಹೇಳುವುದೇನೂ ಉಳಿದಿರಲಿಲ್ಲ. ಹತ್ತಕ್ಕೆ ನಿಲ್ಲಿಸಲು ಮನಸ್ಸಾಗಲಿಲ್ಲ. 'ಉಪಕಾರ ಮರೆಯಲ್ಲ' ಅಂತ ಬರೆದಳು.

ಆ ದಿನ ಏನೂ ಬರಲಿಲ್ಲ. ಸುಲಿಯುತ್ತಾ ಸುಲಿಯುತ್ತಾ ಫೋನನ್ನು ಮೊಣಕಾಲ ಹತ್ತಿರ ಇಟ್ಟುಕೊಂಡಿದ್ದಳು. ಎರಡು ಸಲ ಅದು ಮಿಣುಕಿತು. ಒಂದು ರೀಚಾರ್ಜಿನ ಜಾಹೀರಾತು, ಇನ್ನೊಂದು ಸಾಲ ಬೇಕೇ ಎಂದು ಕೇಳುವ ಹೆಂಗಸು. ಅವಳೂ "ನಮಸ್ಕಾರ" ಎಂದೇ ಶುರು ಮಾಡಿದಳು. ನೇತ್ರಾವತಿ ಮಾತು ಮುಗಿಯುವ ಮುಂಚೆಯೇ ಕಟ್ ಮಾಡಿ, ಕಟ್ ಮಾಡಿದ ಮೇಲೆ ಜಗಳೂರಿನವನನ್ನು ನೆನೆದಳು.

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಆ ನಂಬರಿನಿಂದಲೇ ಫೋನ್ ಬಂತು.

"ನೇತ್ರಾವತಿ ಅನ್ನೋರು ನೀವೇನಾ?"

"ಹೌದ್ರಿ."

"ಫೋನಿನಾಗೆ ನಾನು ಒಂದು ಪೈಸೆ ಹಾಕಲ್ಲ. ಮೊದಲೇ ಹೇಳ್ತೀನಿ."

"ಹಾಕಬೇಡ್ರಿ."

"ನಾಳೆ ನಾಲ್ಕನೇ ಶನಿವಾರ, ಬ್ಯಾಂಕ್ ರಜ. ನೀವು ಖರೆ ಇದ್ರೆ ಇವತ್ತೇ ಜಗಳೂರಿಗೆ ಬರ್ರಿ. ಆಧಾರ್, ಪಾಸ್‌ಬುಕ್ ತಗೊಂಡು. ಬ್ಯಾಂಕಿನ ಒಳಗೇ ಕೂತಿರ್ತೀನಿ. ಅಂಗಡಿಗೆ ಬರಬೇಡ್ರಿ."

ಚನ್ನಗಿರಿಯಿಂದ ದಾವಣಗೆರೆ, ದಾವಣಗೆರೆಯಿಂದ ಜಗಳೂರು. ಸರ್ಕಾರಿ ಬಸ್ಸಿನಲ್ಲಿ ಆಧಾರ್ ತೋರಿಸಿ ಸೊನ್ನೆಯ ಟಿಕೆಟು ಹರಿಸಿಕೊಂಡಳು. ಸಾಲುಸಾಲು ಹಸಿರು ಮುಗಿದು, ಕಟಾವಾದ ಮೆಕ್ಕೆಜೋಳದ ಹೊಲ ಬಂದು, ಆಮೇಲೆ ಬಯಲು ಬಂತು. ಅವಳು ಈ ಕಡೆಗೆ ಎಂದೂ ಬಂದವಳಲ್ಲ. ಅಲ್ಲಿ ಯಾರೂ ಇಲ್ಲದಿದ್ದರೆ? ಮೋಸದವನು ಅವನೇ ಆಗಿದ್ದರೆ? ಕೇಳುವವಳಿಗೂ ಹೆದರಿಕೆ, ಕೇಳಿಸಿಕೊಳ್ಳುವವನಿಗೂ ಹೆದರಿಕೆ.

ಬ್ಯಾಂಕಿನ ಬೆಂಚಿನಲ್ಲಿ ಐವತ್ತು ದಾಟಿದ, ತೆಳ್ಳಗಿನ ಮನುಷ್ಯ ಕೂತಿದ್ದ. ಪಕ್ಕದಲ್ಲಿ ಚೀಲ. ಅವಳು ಒಳಗೆ ಬಂದಾಗ ಅವನು ಮುಖ ನೋಡಲಿಲ್ಲ. ಪಾಸ್‌ಬುಕ್ ಹಿಡಿದ ಕೈ ನೋಡಿದ. ಕಪ್ಪು ಬೆರಳುಗಳನ್ನು ನೋಡಿ ಎದ್ದು ನಿಂತ.

"ನೀವು ಸುಲಿಯೋರೇ," ಅಂದ. "ಕೂತ್ಕೊಳ್ರಿ ಅಮ್ಮ."

ಅವನ ಬೆರಳುಗಳಿಗೂ ವಾರ್ನಿಷ್ ಹತ್ತಿ, ಉಗುರಿನ ಬುಡ ಹಳದಿಯಾಗಿತ್ತು.

"ನಮ್ಮ ಬ್ಯಾಂಕಿನೋರು ಬುಧವಾರಾನೇ ಫೋನ್ ಮಾಡಿದ್ರಂತೆ," ಅಂದ. "ನಾನು ಅವರಿಗೂ ಬೈದು ಇಟ್ಟೆ. ಬ್ಯಾಂಕಿನಿಂದ ಅಂತ ಫೋನ್ ಬಂದ್ರೆ ನಂಬಬೇಡಿ ಅಂತ ಬ್ಯಾಂಕಿನೋರೇ ಗೋಡೆಗೆ ಹಚ್ಚ್ಯಾರೆ ನೋಡ್ರಿ." ಗೋಡೆಯ ಮೇಲೆ ನಿಜವಾಗಿಯೂ ಹಾಗೇ ಇತ್ತು.

"ಮತ್ತೆ ಇವತ್ತು ಹೆಂಗೆ ನಂಬಿದ್ರಿ?"

"ಮೋಸ ಮಾಡೋರು ಕಳಿಸು, ಕಳಿಸು ಅಂತಾರೆ. ನೀವು ಕಳಿಸಬೇಡಿ ಅಂದ್ರಿ. ಅದೊಂದು ರೂಪಾಯಿ ರಾತ್ರಿಯೆಲ್ಲ ತಲೆ ತಿಂತು." ಮೊದಲ ಸಲ ಅವನ ಮುಖದಲ್ಲಿ ನಗುವಿನಂಥದ್ದು ಬಂತು. "ಹನ್ನೊಂದು ರೂಪಾಯಿ. ಮದುವೆ ಮನೆಗೆ ಮುಯ್ಯಿ ಹಾಕಿದಂಗೆ ಹಾಕೀರಿ."

ಮ್ಯಾನೇಜರ್ ಚನ್ನಗಿರಿಯಿಂದ ಬಂದಿದ್ದ ಅರ್ಜಿ ತೆಗೆದು, ಹನ್ನೆರಡು ಅಂಕಿಯನ್ನು ಹೊಂದಿಸಿ ನೋಡಿ, ಅವಳ ಆಧಾರ್ ನೋಡಿದರು. ತಿಪ್ಪೇರುದ್ರಸ್ವಾಮಿಯ ಪಾಸ್‌ಬುಕ್ ಯಂತ್ರದೊಳಗೆ ಹೋಗಿ ಕಿರ್‍ರೆಂದು ಹೊರಗೆ ಬಂತು. ಸೋಮವಾರದ ಸಾಲು ಇತ್ತು: ಹದಿನೆಂಟು ಸಾವಿರದ ಇನ್ನೂರು, ಜಮಾ. ಅದರ ಕೆಳಗೆ ಮಂಗಳವಾರದ ಸಾಲು: ನಾಲ್ಕು ಸಾವಿರದ ಇನ್ನೂರು, ಖರ್ಚು.

ಅವನು ಆ ಸಾಲಿನ ಮೇಲೆ ಬೆರಳಿಟ್ಟ. "ಇದೇನು ಸರ್? ನಾನು ತೆಗೆದಿಲ್ಲ."

"ನಿಮ್ಮ ವೈಂಡಿಂಗ್ ಮಷಿನ್ನಿನ ಸಾಲದ ಕಂತು. ಎರಡು ಬಾಕಿ ಇದ್ವು. ಖಾತೆಗೆ ದುಡ್ಡು ಬಂದ ಕೂಡಲೇ ಕಂಪ್ಯೂಟರ್ ತಾನೇ ಹಿಡ್ಕೊಂಡೈತೆ."

"ಅದು ನನ್ನ ದುಡ್ಡಲ್ಲ ಸರ್!"

"ಕಂಪ್ಯೂಟರಿಗೆ ಅದು ಗೊತ್ತಾಗಲ್ಲಪ್ಪ. ಕಟ್ಟಿಸ್ಕೊಂಡ ಕಂತು ವಾಪಸ್ ಕೊಡೋ ಅಧಿಕಾರ ನನಗಿಲ್ಲ."

ಕಲ್ಪನಾ ಮೇಡಂ ಹೇಳಿದ ಮಾತು ನೇತ್ರಾವತಿಗೆ ನೆನಪಾಯಿತು. ಅವರ ಒಪ್ಪಿಗೆ ಇಲ್ಲದೆ ಯಾರೂ ತೆಗೆಯುವ ಹಾಗಿಲ್ಲ. ಸಾಲ ತೆಗೆಯುವ ದಿನ ಈ ಮನುಷ್ಯ ಆ ಒಪ್ಪಿಗೆಯನ್ನೂ ಸಹಿ ಹಾಕಿ ಕೊಟ್ಟಿರಬೇಕು.

ತಿಪ್ಪೇರುದ್ರಸ್ವಾಮಿ ಅವಳ ಕಡೆ ತಿರುಗಿದ. ಒಂದು ಗಳಿಗೆಯ ಹಿಂದೆ ಅವಳು ಕೇಳುವವಳು, ಅವನು ಕೊಡುವವನು. ಈಗ ಅವನ ದನಿಯೇ ಮೆತ್ತಗಾಯಿತು. "ಅಮ್ಮಾ, ಉಳಿದ ಹದಿನಾಲ್ಕು ಸಾವಿರ ಈಗಲೇ ಬರೆದುಕೊಡ್ತೀನಿ. ಈ ನಾಲ್ಕು ಸಾವಿರದ ಇನ್ನೂರು... ಎರಡು ಮೋಟಾರ್ ಕೊಡೋದೈತೆ. ಮುಂದಿನ ತಿಂಗಳು ಹತ್ತರೊಳಗೆ ಹಾಕ್ತೀನಿ. ದಯವಿಟ್ಟು ನಂಬ್ರಿ. ಕೈ ಮುಗೀತೀನಿ."

ಅವನು ನಿಜವಾಗಿಯೂ ಕೈ ಮುಗಿದಿದ್ದ. ಅವಳಿಗೆ ತನ್ನ ಸೋಮವಾರದ ದನಿಯೇ ಕೇಳಿದ ಹಾಗಾಯಿತು. ಕೋಪ ಬರಬೇಕಾಗಿತ್ತು. ಬಂದದ್ದು ಸುಸ್ತು.

"ಹೋದ ವರ್ಷದಾಕಿ ನಿಮಗೆ ಹೇಳಿದಂಗೆ ನನಗೆ ಹೇಳಬೇಡ್ರಿ ಅಣ್ಣಾರೆ," ಅಂದಳು. "ಕೊಡ್ತೀನಿ ಅಂದ್ರೆ ಕೊಡ್ರಿ. ಅಷ್ಟೇ."

ಅವನು ಒಪ್ಪಿಗೆಯ ಪತ್ರಕ್ಕೆ ಸಹಿ ಹಾಕಿದ. ಅರ್ಜಿಯಲ್ಲಿದ್ದ ಅವಳ ಖಾತೆಗೇ ಹಣ ವರ್ಗ ಮಾಡುವ ಫಾರಂ ತುಂಬಿದ. ನಾಲ್ಕು ಗಂಟೆಗೆ ದಾವಣಗೆರೆ ಬಸ್ಸಿನಲ್ಲಿ ಕೂತಿದ್ದಾಗ ಅವಳ ಫೋನಿಗೆ ಹದಿನಾಲ್ಕು ಸಾವಿರ ಜಮಾ ಎಂದು ಮೆಸೇಜ್ ಬಂತು. ಅವಳು ಮೆಸೇಜನ್ನು ನಂಬಲಿಲ್ಲ. ಆ್ಯಪ್ ತೆರೆದು ಖಾತೆಯನ್ನೇ ನೋಡಿದಳು. ಇತ್ತು.

ಭಾನುವಾರ ಅವಳು ಎಟಿಎಂನಲ್ಲಿ ನಗದು ತೆಗೆದುಕೊಂಡು ಸವಳಂಗಕ್ಕೆ ಹೋದಳು. ಲಕ್ಷ್ಮಮ್ಮನ ಮನೆಯ ಜಗಲಿಯಲ್ಲಿ ಏಳು ಜನ ಕೂತಿದ್ದರು. ಯಾರೂ ನೀರು ಬೇಕಾ ಎಂದು ಕೇಳಲಿಲ್ಲ. ಅವಳು ಒಬ್ಬೊಬ್ಬರ ಕೈಗೆ ಎರಡೆರಡು ಸಾವಿರ ಇಟ್ಟು, ಉಳಿದ ಆರುನೂರರ ಕಥೆ ಹೇಳಿದಳು. ಹೇಳುತ್ತಿದ್ದಾಗ ಅವಳಿಗೇ ಅದು ಕಟ್ಟಿದ ಕಥೆಯ ಹಾಗೆ ಕೇಳಿಸಿತು.

"ಮೊದಲು ಜಗಳೂರಿನೋನು ತಿಂದ," ಸುನೀತಾ ಅಂದಳು. "ಈಗ ಬ್ಯಾಂಕಿನ ಕಂಪ್ಯೂಟರ್ ತಿಂತಾ? ಮುಂದಿನ ವಾರ ಯಾರು ತಿಂತಾರೆ ನೇತ್ರಕ್ಕ? ಈಗಲೇ ಹೇಳಿಬಿಡು, ಅಡಿಗೆ ಮಾಡಿ ಇಡ್ತೀವಿ."

ಎಲ್ಲರೂ ನಕ್ಕರು. ನೇತ್ರಾವತಿ ಫೋನ್ ತೆಗೆದು, ಆ ನಂಬರಿಗೆ ಕರೆ ಮಾಡಿ, ದನಿ ಎಲ್ಲರಿಗೂ ಕೇಳುವ ಹಾಗೆ ಜಗಲಿಯ ಮಧ್ಯದಲ್ಲಿ ಇಟ್ಟಳು.

"ಹೇಳ್ರಿ ಅಮ್ಮ," ಅಂತು ಜಗಳೂರು.

"ನನ್ನ ಜನ ಇಲ್ಲೇ ಅದಾರೆ ಅಣ್ಣಾರೆ. ನೀವೇ ಹೇಳ್ರಿ."

ತಿಪ್ಪೇರುದ್ರಸ್ವಾಮಿ ತಡವರಿಸುತ್ತಾ ಹೇಳಿದ. ಎಷ್ಟು ಬಂತು, ಎಷ್ಟು ಹೋಯಿತು, ತಾನು ಹೇಗೆ ಬೈದೆ, ಕೊಡಬೇಕಾದ್ದು ಎಷ್ಟು, ಯಾವಾಗ. ಲಕ್ಷ್ಮಮ್ಮ ಫೋನಿನ ಮೇಲೆ ಬಗ್ಗಿದಳು.

"ನನ್ನ ನಂಬರ್ ಇಟ್ಕೊಂಡೋನು ನೀನೇ ಏನಪ್ಪಾ?"

"ಲಕ್ಷ್ಮಮ್ಮ ನೀವೇ ಏನ್ರಿ? ಅಯ್ಯೋ ತಾಯಿ, ದಿನಾ ನಿಮ್ಮನ್ನ ಕೇಳ್ಕೊಂಡು ನಾಲ್ಕು ಫೋನ್ ಬರ್ತಾವೆ. ಸಂಘದ ಕಂತು ಕಟ್ಟಿಲ್ಲ ಅಂತ ನನಗೆ ಬೈತಾರೆ. ಮೊನ್ನೆ ನಿಮ್ಮ ತಂಗಿ ಅಂತೆ, ನಾನು ಹಲೋ ಅಂದಿದ್ದಕ್ಕೆ 'ನಮ್ಮ ಅಕ್ಕನ ಮನೇಲಿ ನೀನ್ಯಾರು' ಅಂತ ಜಗಳಕ್ಕೆ ಬಂದ್ರು!"

ಈ ಸಲದ ನಗು ಬೇರೆಯಾಗಿತ್ತು. ಯಾರೋ ಒಳಗೆ ಹೋಗಿ ನೀರು ತಂದು ನೇತ್ರಾವತಿಯ ಮುಂದೆ ಇಟ್ಟರು. ಲಕ್ಷ್ಮಮ್ಮ ನೋಟುಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ಆರುನೂರು ಹತ್ತನೇ ತಾರೀಕಿಗೆ ಕೊಡವ್ವ. ಆದ್ರೆ ಆ ಹಳೇ ನಂಬರ್ ಈಗಲೇ, ನನ್ನ ಕಣ್ಣ ಮುಂದೆ ಅಳಿಸು" ಅಂದಳು.

ನೇತ್ರಾವತಿ ಆ ನಂಬರಿನ ಹೆಸರನ್ನು 'ಜಗಳೂರು' ಎಂದು ಬದಲಾಯಿಸಿದಳು. ಅಳಿಸಲಿಲ್ಲ.

ಸುನೀತಾ ತನ್ನ ನೋಟುಗಳನ್ನು ಇನ್ನೊಮ್ಮೆ ಎಣಿಸಿದಳು.

ಸೋಮವಾರ ನ್ಯಾಮತಿ ಬಸ್ ಸ್ಟ್ಯಾಂಡಿನಲ್ಲಿ ಅವಳು ಏಳೂವರೆಗೆ ಬಂದು ನಿಂತಳು. ಸವಳಂಗದ ಬಸ್ಸಿನಿಂದ ಲಕ್ಷ್ಮಮ್ಮ ಇಳಿದಳು, ಗೋಣಿಯಲ್ಲಿ ಸುತ್ತಿದ ಮೆಟ್ಟುಗತ್ತಿ ಹಿಡಿದು. ಅವಳ ಹಿಂದೆ ಒಬ್ಬಳು, ಇನ್ನೊಬ್ಬಳು. ಐದು. ಬಸ್ಸು ಖಾಲಿಯಾಗಿ ಹೊರಟಿತು.

"ಸುನೀತಾ, ಅವಳ ಓರಗಿತ್ತಿ ಇಬ್ಬರೂ ನಿನ್ನೆ ಸಂಜೆನೇ ಪರಶುರಾಮನಿಗೆ ಒಪ್ಕೊಂಡ್ರು," ಲಕ್ಷ್ಮಮ್ಮ ಹೇಳಿದಳು. "ನಂಬಿಲ್ಲ ಅಂತಲ್ಲ ಕಣೆ. ನಂಬಿದ್ರೂ ಮನೇಲಿ ಅಕ್ಕಿ ಬೇಕಲ್ಲ."

ತನ್ನನ್ನು ಬಿಟ್ಟು ಏಳು ಜನ ಎಂದು ಚೇಣಿದಾರರಿಗೆ ಒಪ್ಪಿಕೊಂಡಿದ್ದಳು. ಐವರೂ ತಾನೂ ಸೇರಿ ಆರು. ಕಡಿಮೆಯಾದ ಒಬ್ಬಳ ಕೆಲಸವನ್ನು ಅವಳು ಆ ವಾರವಿಡೀ ಕತ್ತಲಾಗುವವರೆಗೆ ಕೂತು ಸುಲಿದು ಮುಗಿಸಿದಳು.

ಹತ್ತನೇ ತಾರೀಕು ಮಧ್ಯಾಹ್ನ ಅವಳ ಫೋನಿಗೆ ಒಂದು ರೂಪಾಯಿ ಬಂತು. ಕೆಳಗೆ ಒಂದು ಸಾಲು: 'ಅಮ್ಮಾ, ಮುಟ್ಟಿದ್ರೆ ಹೇಳಿ, ಉಳಿದದ್ದು ಹಾಕ್ತೀನಿ.' ಅವಳು ಒಂದು ರೂಪಾಯಿ ತಿರುಗಿ ಕಳಿಸಿದಳು: 'ಮುಟ್ಟೈತೆ.' ನಾಲ್ಕು ಸಾವಿರದ ಇನ್ನೂರು ಬಂತು.

ಐವರಿಗೆ ಅಲ್ಲೇ ಕೊಟ್ಟಳು. ಸುನೀತಾಳ ಆರುನೂರು, ಓರಗಿತ್ತಿಯ ಆರುನೂರು ಉಳಿದವು. ಹಿಂದೆ ಸುನೀತಾಳ ಕೂಲಿ ಹೋಗುತ್ತಿದ್ದ ನಂಬರನ್ನು ತೆರೆದು ಮೊದಲು ಒಂದು ರೂಪಾಯಿ ಹಾಕಿದಳು. ಹಾಲೇಶಪ್ಪ ಅಂತ ಹೆಸರು ಬಂತು. ಮೈದುನನದೇ ಇರಬೇಕು. ಇರಬೇಕು ಅಂದುಕೊಂಡು ಬೆರಳನ್ನು ಹಿಂದೆ ತೆಗೆದಳು. ಕೆಳಗಿನ ಸಾಲಿನಲ್ಲಿ ಬರೆದು, ಇನ್ನೊಂದು ರೂಪಾಯಿ ಕಳಿಸಿದಳು: 'ಸುನೀತಾ, ಇದು ನಿಂದೇನಾ ಹೇಳ್ತೀಯಾ?'

ಆಮೇಲೆ ಫೋನನ್ನು ಮೊಣಕಾಲ ಹತ್ತಿರ ಇಟ್ಟುಕೊಂಡು, ಕಾಲಿನಿಂದ ಕತ್ತಿಯನ್ನು ಒತ್ತಿ ಹಿಡಿದು, ಮುಂದಿನ ಕಾಯಿ ಎತ್ತಿಕೊಂಡಳು.